ಬಾಲ ಎಡಕ್ಕೋ ಬಲಕ್ಕೋ? ಝಡ್ ಟೇಬಲ್ ತೆರೆಯುವ ಮೊದಲು

ಚಿಕ್ಕಮಗಳೂರಿನಲ್ಲಿ ಕಾಫಿ ಪಾರ್ಚ್‌ಮೆಂಟಿನ ಬೆಲೆ ಹೇಳುವುದು 50 ಕೆಜಿ ಚೀಲದ ಲೆಕ್ಕದಲ್ಲಿ. ಹಾಗಾಗಿ ಮನೆಪಾಠಕ್ಕೆ ಬರುವ ಬಿಕಾಂ ಮಕ್ಕಳಿಗೆ ನಾರ್ಮಲ್ ಡಿಸ್ಟ್ರಿಬ್ಯೂಶನ್ ವರ್ಕ್‌ಶೀಟ್ ಬರೆಯುವಾಗ ನಾನು ಚೀಲವನ್ನೇ ಹಿಡಿಯುತ್ತೇನೆ. ತುಂಬಿಟ್ಟ ಚೀಲಗಳ ತೂಕ ನಾರ್ಮಲ್ ರೇಖೆಯಂತೆ ಹರಡಿದೆ, ಸರಾಸರಿ 50.4 ಕೆಜಿ, ಮಾನಕ ವಿಚಲನೆ 0.5 ಕೆಜಿ ಎಂದಿಟ್ಟುಕೊಳ್ಳಿ. ಅಂಕಿಗಳು ಅಭ್ಯಾಸಕ್ಕೆಂದು ನಾನೇ ಇಟ್ಟವು, ಯಾವ ತೋಟದ ತಕ್ಕಡಿಯಿಂದಲೂ ಬಂದವಲ್ಲ.

ಈ ಸಲ ಹೆಚ್ಚಿನವರು ಎಡವಿದ್ದು ಒಂದೇ ಪ್ರಶ್ನೆಯಲ್ಲಿ: "ಕನಿಷ್ಠ 50 ಕೆಜಿ ತೂಗುವ ಚೀಲಗಳು ಶೇಕಡಾ ಎಷ್ಟು?" ಝಡ್ ಸ್ಕೋರ್ ಸರಿಯಾಗಿತ್ತು, ಟೇಬಲಿನಿಂದ ತೆಗೆದ ಅಂಕಿಯೂ ಸರಿ, ಉತ್ತರ ಮಾತ್ರ 21.19. ಬರಬೇಕಾದದ್ದು 78.81.

"ಕನಿಷ್ಠ ಅಂದ್ರೆ ಕಡಿಮೆ ಅಲ್ವಾ ಮೇಡಂ, ಅದಕ್ಕೇ ಎಡಗಡೆ ಹಾಕ್ದೆ" ಎಂದಳು ಒಬ್ಬಳು. ತಪ್ಪು ಗಣಿತದ್ದಲ್ಲ, ಕನ್ನಡದ್ದು. ಕನಿಷ್ಠ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಕೈ ಎಡಕ್ಕೆ ಹೋಗುತ್ತದೆ. ಆದರೆ "ಕನಿಷ್ಠ 50" ಎಂದರೆ 50 ಅಥವಾ ಅದಕ್ಕಿಂತ ಹೆಚ್ಚು, ಅಂದರೆ ಬಲಗಡೆ. "ಗರಿಷ್ಠ 50" ಎಂದರೆ 50 ದಾಟಬಾರದು, ಅದು ಎಡಗಡೆ. ಎರಡೂ ಪದಗಳು ತೋರುವ ದಿಕ್ಕು ನಮಗೆ ಅನ್ನಿಸುವುದಕ್ಕೆ ತಿರುಗುಮುರುಗು.

ಮೊದಲು ಪೆನ್ಸಿಲ್

ಆದ್ದರಿಂದ ಟೇಬಲ್ ಮುಟ್ಟುವ ಮೊದಲು ಗಂಟೆಯಾಕಾರದ ಗೆರೆ ಎಳೆಯಿರಿ. ನಡುವೆ 50.4 ಎಂದು ಗುರುತು ಹಾಕಿ, ಅದರ ಎಡಕ್ಕೆ 50. ಈಗ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಹೇಳಿಕೊಳ್ಳಿ: "50 ಮತ್ತು ಅದಕ್ಕಿಂತ ಭಾರದ ಚೀಲ." 50ರಿಂದ ಬಲಕ್ಕೆ ಪೆನ್ಸಿಲ್ ಉಜ್ಜಿ. ಉಜ್ಜಿದ ಜಾಗದೊಳಗೆ ನಡುಗೆರೆ ಬಂತು, ಅಂದರೆ ಉತ್ತರ ಅರ್ಧಕ್ಕಿಂತ ಹೆಚ್ಚು. ಇದನ್ನು ಹಾಳೆಯ ಅಂಚಿನಲ್ಲಿ "> 0.5" ಎಂದು ಬರೆದಿಡಿ. 21.19 ಬರೆದವರು ಇಷ್ಟು ಮಾಡಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

50 ಸೇರಿಸಬೇಕೋ ಬಿಡಬೇಕೋ ಎಂಬ ಚರ್ಚೆ ಇಲ್ಲಿ ಬೇಡ. ನಿರಂತರ ಅಳತೆಯಲ್ಲಿ ಒಂದು ಬಿಂದುವಿನ ಮೇಲೆ ವಿಸ್ತೀರ್ಣವೇ ಇರುವುದಿಲ್ಲ, ಎರಡಕ್ಕೂ ಉತ್ತರ ಒಂದೇ.

ನಿಮ್ಮ ಟೇಬಲ್ ಯಾವುದು?

ಝಡ್ ಲೆಕ್ಕ ಸುಲಭ:

z = (50 − 50.4) / 0.5 = −0.8

ಕಷ್ಟ ಶುರುವಾಗುವುದು ಇದಾದ ಮೇಲೆ. ಒಂದು ಪುಸ್ತಕದ ಟೇಬಲ್ ನಡುಗೆರೆಯಿಂದ ಝಡ್‌ವರೆಗಿನ ವಿಸ್ತೀರ್ಣ ಕೊಡುತ್ತದೆ. ಇನ್ನೊಂದು ಎಡ ತುದಿಯಿಂದ ಝಡ್‌ವರೆಗಿನದ್ದನ್ನು, ಮತ್ತೊಂದು ಝಡ್‌ನಿಂದ ಬಲ ತುದಿಯವರೆಗಿನದ್ದನ್ನು. ಅಕ್ಕನ ಹಳೇ ಪುಸ್ತಕದಿಂದ ಟೇಬಲ್ ಜೆರಾಕ್ಸ್ ಮಾಡಿಸಿ, ವಿಧಾನ ಮಾತ್ರ ಹೊಸ ನೋಟ್ಸಿನಿಂದ ಕಲಿತವರ ಪಾಡು ಕೇಳಬೇಡಿ.

ಗುರುತು ಹಿಡಿಯಲು ಮೇಲಿನ ಎಡಮೂಲೆಯ ಎರಡು ಅಂಕಿ ನೋಡಿದರೆ ಸಾಕು. 0.0000 ಎಂದು ಶುರುವಾಗಿ ಪಕ್ಕದಲ್ಲಿ 0.0040 ಇದ್ದರೆ ಅದು ನಡುಗೆರೆಯಿಂದ ಅಳೆಯುವ ಟೇಬಲ್. 0.5000 ಆದ ಮೇಲೆ 0.5040 ಎಂದು ಏರಿದರೆ ಎಡದಿಂದ ಕೂಡಿಸುತ್ತ ಬಂದದ್ದು. 0.5000 ಆದ ಮೇಲೆ 0.4960 ಎಂದು ಇಳಿದರೆ ಬಲಬಾಲದ್ದು. ಟೇಬಲಿನ ತಲೆಯ ಮೇಲೆ ಸಣ್ಣ ಚಿತ್ರವೂ ಇರುತ್ತದೆ, ಆದರೆ ಜೆರಾಕ್ಸಿನಲ್ಲಿ ಮೊದಲು ಮಸುಕಾಗುವುದೇ ಅದು.

ನಮ್ಮ ಮಕ್ಕಳ ಕೈಯಲ್ಲಿದ್ದದ್ದು ನಡುಗೆರೆಯ ಟೇಬಲ್. ಅದರಲ್ಲಿ ಋಣ ಝಡ್ ಇರುವುದಿಲ್ಲ, ಗೆರೆ ಎರಡೂ ಕಡೆ ಒಂದೇ ತೆರನಾಗಿರುವುದರಿಂದ 0.8ನ್ನೇ ನೋಡಬೇಕು. ಎಡಗಡೆಯ ಕಂಬದಲ್ಲಿ 0.8ರ ಸಾಲು ಹಿಡಿದು, ಮೇಲಿನ .00 ಕಂಬಕ್ಕೆ ಬಂದರೆ 0.2881. ಇಲ್ಲಿ ಒಬ್ಬ ಹುಡುಗ 0.0 ಸಾಲಿಗೆ ಹೋಗಿ .08 ಕಂಬದಿಂದ 0.0319 ಎತ್ತಿಕೊಂಡು ಬಂದಿದ್ದ. ಝಡ್ ಅನ್ನು ಯಾವಾಗಲೂ ಎರಡು ದಶಾಂಶದಲ್ಲಿ, 0.80 ಎಂದೇ ಬರೆದರೆ ಈ ಜಾರು ತಪ್ಪುತ್ತದೆ: ಮೊದಲ ಎರಡು ಅಂಕಿ ಸಾಲಿಗೆ, ಕೊನೆಯದು ಕಂಬಕ್ಕೆ.

ಈಗ ಚಿತ್ರಕ್ಕೆ ಮರಳಿ. 0.2881 ಎಂಬುದು 50 ಮತ್ತು 50.4ರ ನಡುವಿನ ತುಂಡು ಮಾತ್ರ. ಉಜ್ಜಿದ ಜಾಗದಲ್ಲಿ ಈ ತುಂಡೂ ಇದೆ, ಬಲಗಡೆಯ ಇಡೀ ಅರ್ಧವೂ ಇದೆ. 0.5 + 0.2881 = 0.7881. ಪ್ರಶ್ನೆ "50ಕ್ಕಿಂತ ಕಡಿಮೆ" ಎಂದಿದ್ದರೆ ಉಳಿಯುವುದು ಎಡಬಾಲ, 0.5 − 0.2881 = 0.2119. ಒಂದೇ ಕಡೆಗೆ ಹೋಗುವ ವಿಸ್ತೀರ್ಣದಲ್ಲಿ, ಉಜ್ಜಿದ ಜಾಗಕ್ಕೆ ನಡುಗೆರೆ ಸೇರಿದರೆ 0.5ಕ್ಕೆ ಕೂಡಿಸಿ, ಸೇರದಿದ್ದರೆ 0.5ರಿಂದ ಕಳೆಯಿರಿ. ಝಡ್ ಋಣವೋ ಧನವೋ ಎಂದು ನೋಡಿ ಕೂಡಿಸು-ಕಳೆ ತೀರ್ಮಾನಿಸಬೇಡಿ. ಅದೇ −0.8ಕ್ಕೆ ಎರಡು ಉತ್ತರ ಬಂದದ್ದನ್ನು ಈಗಷ್ಟೇ ನೋಡಿದಿರಿ.

50ರಿಂದ 51.02ರವರೆಗೆ ಎಂದು ಕೇಳಿದರೆ ಎರಡನೇ ಝಡ್ 1.24, ಟೇಬಲಿನಲ್ಲಿ 0.3925. ಎರಡು ತುಂಡುಗಳು ನಡುಗೆರೆಯ ಆಚೀಚೆ ಇವೆ, ಕೂಡಿಸಿದರೆ 0.6806. "ನಡುವೆ ಅಂದ್ರೆ ವ್ಯತ್ಯಾಸ" ಎಂದು ಕಳೆದರೆ 0.1044 ಬರುತ್ತದೆ. ಎಡದಿಂದ ಕೂಡಿಸುವ ಟೇಬಲಿನಲ್ಲಾದರೆ ಕಳೆಯುವುದೇ ಸರಿ: 0.8925 − 0.2119, ಮತ್ತೆ 0.6806.

ಕೊನೆಯ ಪ್ರಶ್ನೆ ಹಿಂದುಮುಂದಾಗಿ

"ನೂರರಲ್ಲಿ 95 ಚೀಲಗಳು ಯಾವ ತೂಕವನ್ನು ಮೀರುತ್ತವೆ?" ಇಲ್ಲಿ ವಿಸ್ತೀರ್ಣ ಕೊಟ್ಟಿದ್ದಾರೆ, ತೂಕ ಬೇಕು. 0.95ನ್ನು ಟೇಬಲಿನ ಅಂಚಿನಲ್ಲಿ ಹುಡುಕುವುದು ತಪ್ಪು, ಅಂಚಿನಲ್ಲಿರುವುದು ಝಡ್. ವಿಸ್ತೀರ್ಣ ಇರುವುದು ಹೊಟ್ಟೆಯಲ್ಲಿ. ಚಿತ್ರದಲ್ಲಿ ಬಲಗಡೆಯ 95 ಉಜ್ಜಿದರೆ ಎಡಬಾಲದಲ್ಲಿ 5 ಉಳಿಯುತ್ತದೆ, ಗಡಿಯಿಂದ ನಡುಗೆರೆಗೆ 0.45. ಹೊಟ್ಟೆಯಲ್ಲಿ 0.4495 (1.64) ಮತ್ತು 0.4505 (1.65) ಅಕ್ಕಪಕ್ಕ ಇವೆ, ಹಾಗಾಗಿ 1.645. ಗಡಿ ಎಡಗಡೆ ಇರುವುದರಿಂದ ಋಣ ಚಿಹ್ನೆಯನ್ನು ನಾವೇ ಹಚ್ಚಬೇಕು, ಟೇಬಲ್ ಹಚ್ಚಿಕೊಡುವುದಿಲ್ಲ:

50.4 − 1.645 × 0.5 = 49.58 ಕೆಜಿ

ಚಿಹ್ನೆ ಮರೆತವರಿಗೆ 51.22 ಬಂತು. ಸರಾಸರಿ 50.4ನ್ನು ಮೀರುವ ಚೀಲಗಳೇ ಅರ್ಧ, ಇನ್ನು 51.22ನ್ನು 95 ಚೀಲ ಮೀರುವುದು ಎಲ್ಲಿಂದ?

ಕಂಪ್ಯೂಟರ್ ಇರುವವರು ಸ್ಪ್ರೆಡ್‌ಶೀಟಿನಲ್ಲಿ ತಾಳೆ ನೋಡಬಹುದು.

```
=NORM.DIST(50,50.4,0.5,TRUE)
=1-NORM.DIST(50,50.4,0.5,TRUE)
=NORM.INV(0.05,50.4,0.5)
```

`TRUE` ಹಾಕಿದಾಗ `NORM.DIST` ಯಾವಾಗಲೂ ಎಡದಿಂದ ಕೂಡಿಸಿ ಕೊಡುತ್ತದೆ, ಅದಕ್ಕೇ ಬಲಗಡೆ ಬೇಕಾದಾಗ 1ರಿಂದ ಕಳೆಯುವುದು. ಮೂರು ಸಾಲಿಗೆ ಕ್ರಮವಾಗಿ 0.2119, 0.7881, 49.58 ಬರಬೇಕು. ಝಡ್ ಹಾಕಿಯೇ ನೋಡುತ್ತೇನೆ ಎನ್ನುವವರು `=NORM.S.DIST(-0.8,TRUE)` ಎಂದು ಟೈಪ್ ಮಾಡಿ. `TRUE` ಬದಲು `FALSE` ಹಾಕಿದರೆ 0.2897 ಬರುತ್ತದೆ. ಟೇಬಲಿನ 0.2881ಕ್ಕೆ ಎಷ್ಟು ಹತ್ತಿರ ನೋಡಿ! ದುಂಡು ಮಾಡುವಾಗ ಆದ ವ್ಯತ್ಯಾಸ ಎಂದು ಸುಮ್ಮನಾಗಬೇಡಿ. ಅದು ಆ ಜಾಗದಲ್ಲಿ ಗೆರೆಯ ಎತ್ತರ, ವಿಸ್ತೀರ್ಣವೇ ಅಲ್ಲ.