ಲಿಮಿಟ್ ಲೆಕ್ಕದಲ್ಲಿ ಎಲ್ಲಿ ನಿಲ್ಲಬೇಕು?

ಮೇಲೆ ಕೆಳಗೆ ಎರಡೂ ಕಡೆ ಸೊನ್ನೆ ಬಂದರೆ ಡಿಫರೆನ್ಶಿಯೇಟ್ ಮಾಡು, ಇನ್ನೂ ಸೊನ್ನೆ ಬಂದರೆ ಮತ್ತೆ ಮಾಡು. ಪಿಯುಸಿ ಮಕ್ಕಳಿಗೆ ಲೋಪಿಟಾಲ್ ನಿಯಮ ಇಷ್ಟೇ ನೆನಪಿರುತ್ತದೆ. ಉಡುಪಿಯಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವವರ ನೋಟ್‌ಬುಕ್ ತೆರೆದರೆ, ಡಿಫರೆನ್ಶಿಯೇಷನ್ ತಪ್ಪಿದವರು ಅಪರೂಪ. ನಿಲ್ಲಬೇಕಾದ ಕಡೆ ನಿಲ್ಲದೆ ಮುಂದೆ ಹೋದವರೇ ಜಾಸ್ತಿ. ಹಾಗಾಗಿ ಈ ಲೇಖನದ ಬಹುಪಾಲು ಆ ಒಂದು ಹಂತಕ್ಕೇ ಮೀಸಲು.

ಮೊದಲ ಹೆಜ್ಜೆ: x ಹೋಗುವ ಬೆಲೆಯನ್ನು ಅಂಶಕ್ಕೂ ಛೇದಕ್ಕೂ ಬೇರೆ ಬೇರೆಯಾಗಿ ಹಾಕಿ ನೋಡಿ. 0/0 ಅಥವಾ ∞/∞ ಬಂದರೆ ಮಾತ್ರ ಮುಂದಿನ ಮಾತು.

ಎರಡನೇ ಹೆಜ್ಜೆ: ಅಂಶವನ್ನು ಡಿಫರೆನ್ಶಿಯೇಟ್ ಮಾಡಿ ಮೇಲೆ ಬರೆಯಿರಿ, ಛೇದವನ್ನು ಮಾಡಿ ಕೆಳಗೆ ಬರೆಯಿರಿ. ಭಾಗಾಕಾರದ ಸೂತ್ರ, ಅಂದರೆ ಕ್ವೋಶೆಂಟ್ ರೂಲ್, ಇಲ್ಲಿಗೆ ಬೇಡ.

ಮೂರನೇ ಹೆಜ್ಜೆಯಲ್ಲಿ ಎಡವುವುದು. ಒಂದು ಲೆಕ್ಕವನ್ನು ಪೂರ್ತಿ ಮಾಡಿಯೇ ನೋಡೋಣ. x ಸೊನ್ನೆಯತ್ತ ಹೋಗುವಾಗ

(eˣ − e⁻ˣ − 2x) / (x − sin x)

x = 0 ಹಾಕಿದರೆ ಮೇಲೆ 1 − 1 − 0, ಕೆಳಗೆ 0 − 0. ಅಂದರೆ 0/0, ನಿಯಮ ಬಳಸಬಹುದು. ಒಮ್ಮೆ ಡಿಫರೆನ್ಶಿಯೇಟ್ ಮಾಡಿದರೆ

(eˣ + e⁻ˣ − 2) / (1 − cos x)

ಮತ್ತೆ ಸೊನ್ನೆ ಹಾಕಿ: ಮೇಲೆ 1 + 1 − 2, ಕೆಳಗೆ 1 − 1. ಇನ್ನೂ 0/0. ಇನ್ನೊಮ್ಮೆ ಮಾಡಿದರೆ

(eˣ − e⁻ˣ) / sin x

ಇದೂ 0/0. ಮೂರನೇ ಸಲ ಮಾಡಿದಾಗ

(eˣ + e⁻ˣ) / cos x

ಇಲ್ಲಿ ಸೊನ್ನೆ ಹಾಕಿದರೆ ಮೇಲೆ 2, ಕೆಳಗೆ 1. ಉತ್ತರ 2, ಪೆನ್ನು ಕೆಳಗಿಡಿ.

ಕೈ ತಡೆಯದೆ ಇನ್ನೊಮ್ಮೆ ಡಿಫರೆನ್ಶಿಯೇಟ್ ಮಾಡಿದಿರಿ ಅಂತಿಟ್ಟುಕೊಳ್ಳಿ. ಬರುವುದು (eˣ − e⁻ˣ) / (−sin x). ಸೊನ್ನೆ ಹಾಕಿದರೆ ಮತ್ತೆ 0/0! ‘ಓ, ಇನ್ನೂ ಮುಗಿದಿಲ್ಲ’ ಅಂತ ಮುಂದುವರಿದರೆ (eˣ + e⁻ˣ) / (−cos x) ಆಗಿ ಉತ್ತರ −2 ಬರುತ್ತದೆ. ಒಂದು ಗೆರೆಯಲ್ಲೂ ಡಿಫರೆನ್ಶಿಯೇಷನ್ ತಪ್ಪಿಲ್ಲ, ಉತ್ತರದ ಚಿಹ್ನೆ ಮಾತ್ರ ತಿರುಗಿದೆ. ಸಿಇಟಿಯಂಥ ಪರೀಕ್ಷೆಯಲ್ಲಿ ನಾಲ್ಕು ಆಯ್ಕೆಗಳ ನಡುವೆ −2 ಇಟ್ಟಿದ್ದರೆ ಕಣ್ಣು ಮುಚ್ಚಿ ಗುರುತು ಹಾಕಿ ಬರುತ್ತೀರಿ.

ತಪ್ಪಿದ್ದು ಎಲ್ಲಿ ಅಂದರೆ, ಮೂರನೇ ಸಲ ಸಿಕ್ಕಿದ್ದು 2/1. ಅದು ಅನಿರ್ಧಾರಿತ ರೂಪವೇ ಅಲ್ಲ. ಅಲ್ಲಿಗೆ ನಿಯಮದ ಅನುಮತಿ ಮುಗಿಯಿತು. ಆಮೇಲೆ ಬರೆದ ಗೆರೆಗೂ ಹಿಂದಿನ ಗೆರೆಗೂ ಸಂಬಂಧವಿಲ್ಲ, ಹಾಗಾಗಿ ಅಲ್ಲಿ ಕಾಣುವ 0/0ಗೂ ಬೆಲೆಯಿಲ್ಲ. ನನ್ನ ಹತ್ತಿರ ಕಲಿಯುವವರು ಪ್ರತಿ ಗೆರೆಯ ಪಕ್ಕದಲ್ಲಿ ‘0/0’ ಅಂತ ಬರೆಯಲೇಬೇಕು. ಬರೆಯದವರ ಲೆಕ್ಕವನ್ನು ನಾನು ನೋಡುವುದಿಲ್ಲ. ಸಮಯ ಹಾಳು ಅಂತ ಗೊಣಗುತ್ತಾರೆ, ಗೊಣಗಲಿ.

ಇದರ ಇನ್ನೂ ಸಣ್ಣ ರೂಪ (1 − cos x) / (x + x²). ಒಮ್ಮೆ ಮಾಡಿದರೆ sin x / (1 + 2x), ಅಂದರೆ 0/1, ಉತ್ತರ ಸೊನ್ನೆ. ಮೇಲೆ ಸೊನ್ನೆ ಕಂಡದ್ದೇ ತಡ ‘ಇನ್ನೊಂದು ಸಲ’ ಅಂತ ಹೊರಟವರಿಗೆ cos x / 2 ಸಿಕ್ಕಿ, ಉತ್ತರ ಅರ್ಧ ಆಗುತ್ತದೆ. ಸೊನ್ನೆ ಎರಡೂ ಕಡೆ ಇರಬೇಕು, ಮೇಲೆ ಮಾತ್ರ ಇದ್ದರೆ ಸಾಲದು.

ಅನುಮಾನ ಬಂದರೆ ಕ್ಯಾಲ್ಕುಲೇಟರ್ ಇದೆ. ಪರೀಕ್ಷೆಯಲ್ಲಲ್ಲ, ಮನೆಯಲ್ಲಿ. ಮೊದಲ ಲೆಕ್ಕಕ್ಕೆ x = 0.1 ಹಾಕಿ: ಮೇಲೆ ಸುಮಾರು 0.0003335, ಕೆಳಗೆ ಸುಮಾರು 0.0001666, ಭಾಗಿಸಿದರೆ 2.002. ಮೈನಸ್ ಎರಡರ ಮಾತೇ ಇಲ್ಲ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿರಬೇಕು, ಡಿಗ್ರಿಯಲ್ಲಿದ್ದರೆ ಬರುವುದೆಲ್ಲ ಕಸ. ‘ಇನ್ನೂ ನಿಖರವಾಗಲಿ’ ಅಂತ x ಅನ್ನು 0.000001ಕ್ಕೆ ಇಳಿಸಲೂಬೇಡಿ. ಹೆಚ್ಚುಕಡಿಮೆ ಸಮ ಇರುವ ಎರಡು ಸಂಖ್ಯೆಗಳನ್ನು ಕಳೆಯುವಾಗ ಅಗ್ಗದ ಕ್ಯಾಲ್ಕುಲೇಟರ್ ಅಂಕಿಗಳನ್ನೆಲ್ಲ ಕಳೆದುಕೊಂಡು ಸೊನ್ನೆ ತೋರಿಸಿಬಿಡುತ್ತದೆ.

ನಡುವೆ ಒಂದು ಒಳದಾರಿ. ಪ್ರತಿ ಸಲ ಡಿಫರೆನ್ಶಿಯೇಟ್ ಮಾಡುವ ಮೊದಲು ಸರಳವಾಗುತ್ತದೆಯೇ ನೋಡಿ. (tan x − x) / x³ ಲೆಕ್ಕದಲ್ಲಿ ಒಮ್ಮೆ ಮಾಡಿದರೆ ಮೇಲೆ sec²x − 1 ಬರುತ್ತದೆ, ಅದು tan²x ತಾನೇ? ಕೆಳಗೆ 3x². tan x / x ಒಂದರತ್ತ ಹೋಗುವುದು ನಿಮಗೆ ಗೊತ್ತೇ ಇದೆ, ಉತ್ತರ 1/3. ಇದನ್ನು ನೋಡದೆ sec²x ಅನ್ನು ಮತ್ತೆ ಮತ್ತೆ ಡಿಫರೆನ್ಶಿಯೇಟ್ ಮಾಡಿ ಪುಟ ತುಂಬಿಸುವುದು ನನಗೆ ಹಿಡಿಸುವುದಿಲ್ಲ. ಅಂಗಡಿಯಲ್ಲಿ ಸಿಗುವ ಕೆಲವು ಶಾರ್ಟ್‌ಕಟ್ ಗೈಡ್‌ಗಳು ಕಲಿಸುವುದು ಅದನ್ನೇ, ಅವುಗಳಿಗೆ ದುಡ್ಡು ಸುರಿಯಬೇಡಿ.

ಇನ್ನು ಜಾಣ ಮಕ್ಕಳೂ ಬೀಳುವ ಗುಂಡಿ. x ಅನಂತಕ್ಕೆ ಹೋಗುವಾಗ (x + sin x) / x ನೋಡಿ. ಇದು ∞/∞. ಡಿಫರೆನ್ಶಿಯೇಟ್ ಮಾಡಿದರೆ ಮೇಲೆ 1 + cos x, ಕೆಳಗೆ 1. ಅದು 0 ಮತ್ತು 2ರ ನಡುವೆ ಓಲಾಡುತ್ತಲೇ ಇರುತ್ತದೆ, ಎಲ್ಲೂ ನೆಲೆ ನಿಲ್ಲುವುದಿಲ್ಲ. ‘ಲಿಮಿಟ್ ಇಲ್ಲ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾರೆ. ತಪ್ಪು. ಮೂಲ ಲೆಕ್ಕವನ್ನು 1 + sin x / x ಅಂತ ಬಿಡಿಸಿ. sin x ಯಾವತ್ತೂ −1 ಮತ್ತು 1ರ ಒಳಗೇ ಇರುವುದರಿಂದ, x ದೊಡ್ಡದಾದಂತೆ ಎರಡನೇ ಭಾಗ ಕರಗಿಹೋಗಿ 1 ಉಳಿಯುತ್ತದೆ.

ನಿಯಮ ಹೇಳುವುದು ಒಂದೇ ದಿಕ್ಕಿನ ಮಾತು. ಡಿಫರೆನ್ಶಿಯೇಟ್ ಮಾಡಿದ ಭಾಗಲಬ್ಧಕ್ಕೆ ಲಿಮಿಟ್ ಇದ್ದರೆ ಮೂಲಕ್ಕೂ ಅದೇ ಲಿಮಿಟ್. ಅದು ಅನಂತಕ್ಕೆ ಹೋದರೆ ಮೂಲವೂ ಅನಂತಕ್ಕೆ. ಅದು ಓಲಾಡಿದರೆ ನಿಯಮ ಬಾಯಿ ಮುಚ್ಚಿಕೊಳ್ಳುತ್ತದೆ, ಬೇರೆ ದಾರಿ ನೀವೇ ಹುಡುಕಬೇಕು.

ಅಂದಹಾಗೆ, ಈ ನಿಯಮ ಮೊದಲು ಅಚ್ಚಾದದ್ದು 1696ರಲ್ಲಿ, ಫ್ರಾನ್ಸಿನ ಶ್ರೀಮಂತ ಲೋಪಿಟಾಲ್ ಬರೆದ ಪುಸ್ತಕದಲ್ಲಿ. ಕಂಡುಹಿಡಿದವರು ಮಾತ್ರ ಅವರಿಗೆ ಸಂಬಳಕ್ಕೆ ಗಣಿತ ಹೇಳಿಕೊಡುತ್ತಿದ್ದ ಯೋಹಾನ್ ಬರ್ನೂಲಿ. ಟ್ಯೂಷನ್ ಮೇಷ್ಟ್ರ ಹೆಸರು ಉಳಿಯಲಿಲ್ಲ, ಎಂತ ಮಾಡುವುದು!

ಕೊನೆಗೆ, ನಿಯಮದ ಶರತ್ತು ಸರಿಯಿದ್ದೂ ಕೆಲಸವಾಗದ ಒಂದು ಲೆಕ್ಕ. x ಅನಂತಕ್ಕೆ ಹೋಗುವಾಗ √(x² + 1) / x. ಒಮ್ಮೆ ಮಾಡಿದರೆ x / √(x² + 1). ಇನ್ನೊಮ್ಮೆ ಮಾಡಿದರೆ ಮತ್ತೆ √(x² + 1) / x. ಕಳೆದ ವರ್ಷ ಒಬ್ಬ ಹುಡುಗ ಅರ್ಧ ಪುಟ ಬರೆದು, ‘ಇದು ಎಂತ ಸರ್, ಮುಗಿಯುವುದೇ ಇಲ್ಲ, ಹೊರಟ ಕಡೆಗೇ ಬಂತು’ ಅಂದ. ಮಾರಾಯ, ಎರಡನೇ ಸಲ ಅದೇ ಕಂಡ ಕೂಡಲೇ ಬಿಟ್ಟುಬಿಡಬೇಕಿತ್ತು. ಮೇಲೆ ಕೆಳಗೆ x ನಿಂದ ಭಾಗಿಸು, ಮೇಲೆ √(1 + 1/x²) ಉಳಿಯುತ್ತದೆ, ಉತ್ತರ 1. ಅದೇ x ಮೈನಸ್ ಅನಂತಕ್ಕೆ ಹೋದರೆ ಉತ್ತರ −1, ಯಾಕೆಂದರೆ √x² ಅಂದರೆ |x|, ಬರೀ x ಅಲ್ಲ.