ಸೈಟಿನ ಇಸಿ ಸಾಲದು, ಸರ್ವೆ ನಂಬರಿನ ಇಸಿಯೂ ಬೇಕು

ತುಮಕೂರಿನ ಸುತ್ತ ಸೈಟು ತೋರಿಸುವವರ ಮಾತು ಹೆಚ್ಚುಕಡಿಮೆ ಒಂದೇ. ವಸಂತನರಸಾಪುರಕ್ಕೆ ಕಾರ್ಖಾನೆ ಬರ್ತಿವೆ, ಗುಬ್ಬಿ ಕಡೆ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಆಯ್ತು, ನಾಳೆ ಮೆಟ್ರೊನೂ ಬರುತ್ತೆ, ಇವತ್ತೇ ಅಡ್ವಾನ್ಸ್ ಹಾಕಿಬಿಡಿ ಸಾರ್. ಕೊಳ್ಳುವವರು ಲೇಔಟಿನ ಆರ್ಚ್ ನೋಡುತ್ತಾರೆ, ರಸ್ತೆ ನೋಡುತ್ತಾರೆ, ಮೂಲೆ ಸೈಟಾ, ಪೂರ್ವದ ಬಾಗಿಲಾ ಎಂದು ವಿಚಾರಿಸುತ್ತಾರೆ. ಅದು ಹೊಲವಾಗಿದ್ದಾಗ ಯಾರದಾಗಿತ್ತು, ಅವರಿಗೆ ಹೇಗೆ ಬಂದಿತ್ತು ಎಂದು ಕೇಳುವವರು ಕಡಿಮೆ. ಮುಳುಗುವುದೆಲ್ಲ ಅಲ್ಲೇ.

1. ಮೊದಲು ಲೆಕ್ಕ ಹಾಕಿ

ಲೆಕ್ಕಕ್ಕೆಂದು 30×40 ಸೈಟಿಗೆ 20 ಲಕ್ಷ ಬೆಲೆ ಇಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿ ನಗರ ವ್ಯಾಪ್ತಿಯಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2. ಅಲ್ಲಿಗೇ 1.52 ಲಕ್ಷ ಹೋಯಿತು. ಬ್ರೋಕರ್, ವಕೀಲರು, ಸರ್ವೆಯವರ ಖರ್ಚು ಸೇರಿಸಿದರೆ ನಿಮ್ಮ ಕೈಯಿಂದ ಬಿಟ್ಟದ್ದು ಸುಮಾರು 22 ಲಕ್ಷ. ಇದೇ ದುಡ್ಡು ಶೇ 7ರ ಠೇವಣಿಯಲ್ಲಿದ್ದರೆ 5 ವರ್ಷಕ್ಕೆ ಹತ್ತಿರ ಹತ್ತಿರ 31 ಲಕ್ಷ. ಅಂದರೆ ತೆರಿಗೆಯ ಮಾತು ಬದಿಗಿಟ್ಟರೂ, ನಿಮ್ಮ ಸೈಟಿನ ಬೆಲೆ ವರ್ಷಕ್ಕೆ ಶೇ 9ರ ಮೇಲೆ ಏರಿದರಷ್ಟೇ ಠೇವಣಿಗೆ ಸಮ.

ಬಾಡಿಗೆಯನ್ನು ಸೊನ್ನೆ ಎಂದೇ ಬರೆದುಕೊಳ್ಳಿ. ಖಾಲಿ ಸೈಟಿಗೆ ಬಾಡಿಗೆ ಇಲ್ಲ, ವರ್ಷವರ್ಷ ಕಂದಾಯ ಮತ್ತು ಪಾರ್ಥೇನಿಯಂ ಕೀಳಿಸುವ ಖರ್ಚು ಇದೆ. 25 ಲಕ್ಷ ಹಾಕಿ ಮನೆ ಕಟ್ಟಿ, ತಿಂಗಳಿಗೆ 12 ಸಾವಿರ ಬಂತು ಅಂದುಕೊಂಡರೂ ಒಟ್ಟು 47 ಲಕ್ಷದ ಮೇಲೆ ಸಿಕ್ಕಿದ್ದು ಶೇ 3.1. ‘ತಿಂಗಳ ಬಾಡಿಗೆ ಗ್ಯಾರಂಟಿ’, ‘ಮೂರು ವರ್ಷಕ್ಕೆ ನಾವೇ ವಾಪಸ್ ಕೊಳ್ತೀವಿ’ ಎಂಬ ಕರಪತ್ರ ಕೈಗೆ ಬಂದರೆ ಅಲ್ಲಿಂದ ಎದ್ದು ಬನ್ನಿ. ಆ ಬಾಡಿಗೆ ನೀವು ಕೊಟ್ಟ ದುಡ್ಡಿನಲ್ಲೇ ಬರುವಂಥದ್ದು.

2. ಕಾಗದ: ಇಲ್ಲಿ ಅವಸರ ಬೇಡ

ಮಾರುವವರು ಒಂದು ಫೈಲ್ ಕೊಡುತ್ತಾರೆ. ಅದರಲ್ಲಿ ಸೈಟ್ ನಂಬರಿನ ಇಸಿ, ಅಂದರೆ ಋಣಭಾರ ಪತ್ರ ಇರುತ್ತದೆ. ನೋಡಲು ಚೊಕ್ಕವಾಗಿರುತ್ತದೆ. ಇರಲೇಬೇಕು, ಏಕೆಂದರೆ ಸೈಟ್ ನಂಬರ್ 47 ಎಂಬುದು ಹುಟ್ಟಿದ್ದೇ 2019ರಲ್ಲಿ ಲೇಔಟ್ ಆದ ಮೇಲೆ. ಅದಕ್ಕೂ ಹಿಂದಿನ ವ್ಯವಹಾರಗಳೆಲ್ಲ ಸರ್ವೆ ನಂಬರಿನ ಹೆಸರಲ್ಲಿ ದಾಖಲಾಗಿರುತ್ತವೆ. ಆದ್ದರಿಂದ ಎರಡು ಇಸಿ ಬೇಕು: ಒಂದು ಸೈಟಿನದು, ಇನ್ನೊಂದು ಮೂಲ ಸರ್ವೆ ನಂಬರಿನದು. 2004ರಿಂದ ಈಚಿನದು kaveri.karnataka.gov.in ನಲ್ಲಿ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ಹಳೆಯ ಪುಸ್ತಕದಿಂದ ತೆಗೆಸಬೇಕು. ಬೇಜಾರಿನ ಕೆಲಸ, ಆದರೂ ಬಿಡಬೇಡಿ.

ನಮ್ಮ ಉದಾಹರಣೆಯ 47ನೇ ಸೈಟಿನ ಹಿಂದೆ ನಡೆಯುತ್ತಾ ಹೋಗೋಣ. ಸರ್ವೆ ನಂಬರಿನ ಇಸಿಯಲ್ಲಿ ಎರಡು ಕ್ರಯ ಕಾಣುತ್ತವೆ. 2018ರಲ್ಲಿ ಲೇಔಟಿನವರು ಕೊಂಡದ್ದು, 2006ರಲ್ಲಿ ಒಬ್ಬ ರೈತ ಇನ್ನೊಬ್ಬರಿಗೆ ಮಾರಿದ್ದು. ಅದಕ್ಕೆ ಹಿಂದೆ ಏನೂ ಇಲ್ಲ. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಹಿಂದೆ ಏನೂ ಇಲ್ಲ ಎಂದರೆ ಅದು ಪಿತ್ರಾರ್ಜಿತವೋ ಸರ್ಕಾರ ಕೊಟ್ಟದ್ದೋ ಆಗಿರಬಹುದು. ನೋಂದಣಿಯಾಗದ್ದು ಇಸಿಯಲ್ಲಿ ಬರುವುದಿಲ್ಲ.

ಈಗ ಹಳೇ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅವರಿಗೆ ಅದು ಬಂದ ಬಗೆ ಮತ್ತು ಎಂಆರ್ ನಂಬರ್, ಅಂದರೆ ಖಾತೆ ಬದಲಾವಣೆ ದಾಖಲೆಯ ನಂಬರ್, 11ರಲ್ಲಿ ಸಾಲ ಮತ್ತಿತರ ಋಣ. ಕಣ್ಣಿಡಬೇಕಾದ್ದು 10ರ ಮೇಲೆ. ಅಲ್ಲಿರುವ ಎಂಆರ್ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಶನ್ ಪ್ರತಿ ಪಡೆಯಿರಿ. 2006ರಲ್ಲಿ ಮಾರಿದವನಿಗೆ 1998ರಲ್ಲಿ ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಯಿಂದ ಬಂದಿದೆ, ಆ ಅಪ್ಪನಿಗೆ ಎಪ್ಪತ್ತರ ದಶಕದಲ್ಲಿ ಸರ್ಕಾರದಿಂದ ದರಖಾಸ್ತಿನಲ್ಲಿ ಮಂಜೂರಾಗಿದೆ ಎಂದು ಕಂಡಿತು ಅನ್ನಿ. ಇಲ್ಲಿ ಎರಡು ಪ್ರಶ್ನೆ ಏಳಬೇಕು.

ಒಂದು, ಮಂಜೂರಾತಿ ಯಾರಿಗೆ ಆಗಿತ್ತು? ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಅನುಮತಿ ಇಲ್ಲದ 2006ರ ಕ್ರಯ ಅಸಿಂಧು. ಉಪವಿಭಾಗಾಧಿಕಾರಿ ಆ ಜಮೀನನ್ನು ಮೂಲ ಮಂಜೂರುದಾರರ ವಾರಸುದಾರರಿಗೆ ಮರಳಿಸಬಹುದು, ನಡುವೆ ಎಷ್ಟು ಕೈ ಬದಲಾಗಿದ್ದರೂ ಸರಿ. ‘ಅಷ್ಟು ಹಳೇದು, ಈಗ ಯಾರು ಕೇಳ್ತಾರೆ’ ಎಂಬ ಸಮಾಧಾನವೂ ಈಗ ನಡೆಯದು. ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ಆಗಿದೆ. ಬಡವರ ಭೂಮಿ ಅವರ ಕೈಯಲ್ಲೇ ಉಳಿಯಲಿ ಎಂದು ಮಾಡಿದ ಕಾಯ್ದೆ ಇದು. ಅನುಮತಿ ಪತ್ರ ನೋಡದೆ ಕೊಂಡವರು ಅದನ್ನು ಬೈದು ಫಲವಿಲ್ಲ. ಬೇರೆಯವರಿಗೆ ಮಂಜೂರಾದ ಜಮೀನಿಗೂ ಇಷ್ಟು ವರ್ಷ ಮಾರಬಾರದೆಂಬ ಷರತ್ತು ಇರುತ್ತದೆ. ಸಾಗುವಳಿ ಚೀಟಿಯ ಷರತ್ತುಗಳನ್ನು ಓದಿ.

‘ಡಿಸಿ ಕನ್ವರ್ಷನ್ ಆಗಿದೆಯಲ್ಲ’ ಎನ್ನುತ್ತಾರೆ. ಕೃಷಿ ಭೂಮಿಯನ್ನು ವಸತಿಗೆ ಬಳಸಬಹುದು ಎಂದಷ್ಟೇ ಆ ಆದೇಶ ಹೇಳುವುದು. ಹಕ್ಕು ಯಾರದೆಂದು ತೀರ್ಮಾನಿಸುವುದು ಅದರ ಕೆಲಸವಲ್ಲ. ಲೇಔಟಿನವರೇ ಮಾಡಿಸಿಟ್ಟ ಲೀಗಲ್ ಒಪಿನಿಯನ್ನಿಗೆ ನಾನು ಚಿಕ್ಕಾಸಿನ ಬೆಲೆ ಕೊಡುವುದಿಲ್ಲ. ನಿಮ್ಮ ವಕೀಲರು ನಿಮ್ಮ ಫೀಸು ಪಡೆದು ಓದಬೇಕು.

ಎರಡನೆಯದು, ಪೌತಿ ಖಾತೆ ಒಬ್ಬ ಮಗನ ಹೆಸರಿಗೇ ಏಕಾಯಿತು? ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ ಹೆಂಡತಿ, ಹೆಣ್ಣುಮಕ್ಕಳಿಗೂ ಪಾಲಿದೆ. 2006ರ ಕ್ರಯಪತ್ರಕ್ಕೆ ಅಕ್ಕತಂಗಿಯರ ಸಹಿ ಇದೆಯೇ, ಇಲ್ಲವಾದರೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಇದೆಯೇ ನೋಡಿ. ಮದುವೆಯಾಗಿ ಹೋದವರನ್ನು ವಂಶವೃಕ್ಷದಲ್ಲೇ ಬಿಟ್ಟುಬಿಡುವುದುಂಟು. ಅದನ್ನು ಪತ್ತೆ ಹಚ್ಚಲು ಕಚೇರಿಗಿಂತ ಊರೇ ವಾಸಿ. ಹಳ್ಳಿಯ ಅರಳಿಕಟ್ಟೆಯಲ್ಲಿ ಕೂತು ‘ಅವರಿಗೆ ಎಷ್ಟು ಜನ ಮಕ್ಕಳು’ ಎಂದು ಕೇಳಿದರೆ ಸಾಕು.

ಇವೆರಡಕ್ಕೂ ಸರಿಯಾದ ಕಾಗದ ಬಾರದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ.

3. ಲೇಔಟಿನ ಅನುಮೋದನೆ

ಟೂಡಾ, ಅಂದರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ, ನಕ್ಷೆಗೆ ಒಪ್ಪಿಗೆ ಕೊಟ್ಟರೆ ಮುಗಿಯಲಿಲ್ಲ. ರಸ್ತೆ, ಚರಂಡಿ ಕೆಲಸ ಆದಂತೆ ಸೈಟುಗಳನ್ನು ಹಂತಹಂತವಾಗಿ ಬಿಡುಗಡೆ ಮಾಡುತ್ತಾರೆ. ಆ ಪತ್ರದಲ್ಲಿ ನಿಮ್ಮ ಸೈಟ್ ನಂಬರ್ ಇರಬೇಕು. ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ, ಅನುಮೋದನೆ ಇಲ್ಲದ ಸೈಟಿಗೆ ಕೊಡುವ 11ಬಿ ಬೇಡ. ಜಾಗ 500 ಚದರ ಮೀಟರ್ ಮೀರಿದ್ದರೆ ಅಥವಾ ಎಂಟಕ್ಕಿಂತ ಹೆಚ್ಚು ಸೈಟಿದ್ದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ನಂಬರ್ ಇರಬೇಕು.

4. ನಾಳೆ ಮಾರಲು ಆಗುತ್ತದೆಯೇ?

ಇದಕ್ಕೂ ಇಸಿಯೇ ದಾರಿ. ಅದೇ ಲೇಔಟಿನ ಅಕ್ಕಪಕ್ಕದ ಎಂಟು ಹತ್ತು ಸೈಟುಗಳ ಇಸಿ ತೆಗೆದು ನೋಡಿ. ಲೇಔಟಿನವರಿಂದ ಮೊದಲ ಕೊಳ್ಳುವವರಿಗೆ ಆದ ಕ್ರಯ ಎಲ್ಲದರಲ್ಲೂ ಇರುತ್ತದೆ. ಆ ಮೊದಲ ಕೊಂಡವರು ಮತ್ತೊಬ್ಬರಿಗೆ ಮಾರಿದ್ದು ಎಷ್ಟಿದೆ ಎಣಿಸಿ. ಐದಾರು ವರ್ಷದ ಲೇಔಟಿನಲ್ಲಿ ಮರುಮಾರಾಟ ಒಂದೂ ಇಲ್ಲದಿದ್ದರೆ, ನಿಮಗೆ ಹೇಳುತ್ತಿರುವ ‘ರೇಟು’ ಹೊಸ ಸೈಟು ಮಾರುವವರು ತಾವೇ ಕಟ್ಟಿದ್ದು. ಆ ಬೆಲೆಗೆ ನಿಮ್ಮಿಂದ ಕೊಳ್ಳುವವರು ಇನ್ನೂ ಹುಟ್ಟಿಲ್ಲ. ಕ್ರಯದಲ್ಲಿ ಬರೆದ ಮೊತ್ತವನ್ನು ಮಾತ್ರ ಪೂರ್ತಿ ನಂಬಬೇಡಿ, ಮಾರ್ಗಸೂಚಿ ದರದಷ್ಟನ್ನೇ ಬರೆಸುವವರಿದ್ದಾರೆ. ರಾತ್ರಿ ಏಳು ಗಂಟೆಗೆ ಒಮ್ಮೆ ಹೋಗಿ ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿದೆ ಎಂದೂ ನೋಡಿ. ಜನ ವಾಸವಿರುವ ಲೇಔಟಿನ ಸೈಟು ಬೇಗ ಕೈಬಿಡುತ್ತದೆ. ಹೆದ್ದಾರಿಗೆ ಹತ್ತಿರದ ಖಾಲಿ ಲೇಔಟಿಗಿಂತ ಕ್ಯಾತ್ಸಂದ್ರ ಕಡೆಯ ಮನೆಗಳ ನಡುವಿನ ಚಿಕ್ಕ ಸೈಟೇ ನನ್ನ ಆಯ್ಕೆ.

5. ಅಡ್ವಾನ್ಸ್ ಮತ್ತು ನೋಂದಣಿ

ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ದಾಖಲೆಯಲ್ಲಿ ದೋಷ ಕಂಡರೆ ಪೂರ್ತಿ ಹಣ ಇಂತಿಷ್ಟು ದಿನದಲ್ಲಿ ವಾಪಸ್ ಎಂದು ಕರಾರಿನಲ್ಲಿ ಬರೆಸಿ. ಒಪ್ಪಲಿಲ್ಲವೆಂದರೆ ಅಲ್ಲಿಗೇ ಬಿಡಿ. ಮಾಲೀಕರು ಕೊಟ್ಟ ಜಿಪಿಎ, ಅಂದರೆ ಅಧಿಕಾರ ಪತ್ರದ ಮೇಲೆ ಮಾರುವವರ ಜೊತೆ ವ್ಯವಹಾರವೇ ಬೇಡ. ಸರ್ವೆಯವರನ್ನು ಕರೆಸಿ ನಾಲ್ಕೂ ಮೂಲೆ ಅಳೆಸಿ, ಕ್ರಯವಾದ ಮೇಲೆ ಇ-ಖಾತೆ ನಿಮ್ಮ ಹೆಸರಿಗೆ ಮಾಡಿಸಿ, ಕಲ್ಲು ನೆಡಿಸಿ.