‘ನನಗೆ ಇದೆ’, ‘ನನ್ನ ಹತ್ತಿರ ಇದೆ’: ಹೊಸಬರಿಗೆ ಕಲಿಸುವುದು ಹೇಗೆ?

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಿಗೆ ದೂರದ ರಾಜ್ಯಗಳಿಂದ ಕೆಲಸಕ್ಕೆ ಬಂದವರು ಲೈನುಮನೆಯಲ್ಲಿ ಗಂಟು ಇಳಿಸಿದ ದಿನವೇ ತೋಟದ ರೈಟರಿಗೆ ಹೇಳಬೇಕಾಗುವ ಮಾತುಗಳೆಂದರೆ ಜ್ವರ ಇದೆ, ಆಧಾರ್ ಕಾರ್ಡ್ ಇಲ್ಲ, ಊರಿನಲ್ಲಿ ಮಕ್ಕಳಿದ್ದಾರೆ ಎಂಬಂಥವು. ಇವರಿಗೆ ಕನ್ನಡ ಕಲಿಸಲು ಕೂರುವವರು ಸಾಮಾನ್ಯವಾಗಿ ‘ಇದೆ’ಯಿಂದ ಆರಂಭಿಸುತ್ತಾರೆ. ‘ಇಲ್ಲ’ದಿಂದ ಆರಂಭಿಸುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಸರಳವಾಗಿದೆ. ‘ಇದೆ’ ಎಂಬುದು ಇವೆ, ಇದ್ದಾನೆ, ಇದ್ದಾಳೆ, ಇದ್ದಾರೆ ಎಂದು ಲಿಂಗ ವಚನಗಳಿಗೆ ತಕ್ಕಂತೆ ರೂಪ ಬದಲಿಸುತ್ತದೆ. ‘ಇಲ್ಲ’ ಮಾತ್ರ ಯಾವುದಕ್ಕೂ ಬದಲಾಗುವುದಿಲ್ಲ. ಹಣ ಇಲ್ಲ, ತಮ್ಮ ಇಲ್ಲ, ತಂಗಿ ಇಲ್ಲ, ಮಕ್ಕಳು ಇಲ್ಲ: ಕ್ರಿಯಾಪದ ಒಂದೇ. ಹಾಗಾಗಿ ಕಲಿಯುವವರು ತಮ್ಮ ಗಮನವನ್ನೆಲ್ಲ ವಾಕ್ಯದ ಮೊದಲ ಪದದ ಮೇಲೆ, ಅಂದರೆ ‘ಯಾರಿಗೆ’ ಅಥವಾ ‘ಯಾರ ಹತ್ತಿರ’ ಎಂಬುದರ ಮೇಲೆ, ಇಡಬಹುದು. ನಿಜವಾದ ತೊಡಕು ಇರುವುದು ಅಲ್ಲಿಯೇ.

ಮೊದಲ ಹಂತದಲ್ಲಿ ಬಂಧುಗಳು, ದೇಹಸ್ಥಿತಿ ಮತ್ತು ಬಿಡುವನ್ನು ತೆಗೆದುಕೊಂಡು ‘ನನಗೆ ತಂಗಿ ಇಲ್ಲ’, ‘ನನಗೆ ಜ್ವರ ಇಲ್ಲ’, ‘ನನಗೆ ಪುರಸೊತ್ತು ಇಲ್ಲ’ ಎಂದು ಹೇಳಿಸಬೇಕು. ಇಲ್ಲಿ ‘-ಗೆ’ ಬಿಟ್ಟರೆ ಬೇರೆ ದಾರಿ ಬೇಡ. ಹಿಂದಿ ಬಲ್ಲವರು ತಮ್ಮ ‘ಮೇರೇ ದೋ ಭಾಯೀ ಹೈಂ’ ಎಂಬ ಅಭ್ಯಾಸದಿಂದ ‘ನನ್ನ ಇಬ್ಬರು ತಮ್ಮಂದಿರು ಇದ್ದಾರೆ’ ಎನ್ನುವ ಸಂಭವವಿದೆ. ಅದನ್ನು ಕೇಳಿದವರು ‘ಎಲ್ಲಿದ್ದಾರೆ?’ ಎಂದು ಮುಂದಿನ ಮಾತಿಗಾಗಿ ಕಾಯುತ್ತಾರೆ. ಹಾಗೆ ಕಾಯುವ ಮುಖ ಕಂಡರೆ ‘-ಗೆ’ ಬಿಟ್ಟುಹೋಗಿದೆ ಎಂದು ತಿಳಿಯಬೇಕು. ತಮಿಳು, ಮಲಯಾಳಂ ಬಲ್ಲವರಿಗೆ ಈ ಹಂತ ಬೇಗ ಮುಗಿಯುತ್ತದೆ, ಏಕೆಂದರೆ ಅವರ ಭಾಷೆಗಳಲ್ಲಿಯೂ ಬಂಧುಗಳನ್ನು ಹೇಳುವ ರಚನೆ ಹೀಗೆಯೇ ಇದೆ.

ಎರಡನೆಯ ಹಂತ ಕೈಯಲ್ಲಿ, ಜೇಬಿನಲ್ಲಿ, ಚೀಲದಲ್ಲಿ ಇರಬಹುದಾದ ವಸ್ತುಗಳದು. ಇವಕ್ಕೆ ‘ಹತ್ತಿರ’ ಬೇಕು, ಬರವಣಿಗೆಯಲ್ಲಾದರೆ ‘ಬಳಿ’. ಬಸ್ಸಿನ ಒಂದು ಪ್ರಸಂಗವನ್ನೇ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಮೂಡಿಗೆರೆ ಬಸ್ಸಿನಲ್ಲಿ ಒಬ್ಬರು ಐನೂರರ ನೋಟು ಚಾಚುತ್ತಾರೆ, ಕಂಡಕ್ಟರು ‘ಚಿಲ್ಲರೆ ಕೊಡಿ’ ಎನ್ನುತ್ತಾರೆ. ‘ನನ್ನ ಹತ್ತಿರ ಚಿಲ್ಲರೆ ಇಲ್ಲ’ ಎಂದರೆ ಜೇಬಿನ ಸಂಗತಿ ಸ್ಪಷ್ಟವಾಯಿತು. ಅದೇ ಪ್ರಯಾಣಿಕರು ಇಳಿಯುವ ಮುನ್ನ ‘ನನಗೆ ಚಿಲ್ಲರೆ ಇದೆಯಾ?’ ಎಂದರೆ ಅದು ತಮಗೆ ವಾಪಸು ಬರಬೇಕಾದ ಹಣದ ವಿಚಾರಣೆಯಾಗುತ್ತದೆ. ‘-ಗೆ’ ಇಲ್ಲಿ ಒಡೆತನವನ್ನಲ್ಲ, ಸಲ್ಲಬೇಕಾದುದನ್ನು ಸೂಚಿಸುತ್ತದೆ. ಮಳೆಗಾಲದಲ್ಲಿ ‘ನನ್ನ ಹತ್ತಿರ ಕೊಡೆ ಇದೆ’ ಎಂದವರ ಕೈಯಲ್ಲಿ ಕೊಡೆ ಇರುತ್ತದೆ. ‘ನನಗೆ ಕೊಡೆ ಇದೆಯಾ?’ ಎಂದವರು ಕೊಡೆ ಕೇಳುತ್ತಿದ್ದಾರೆ. ಈ ಎರಡು ಜೋಡಿಗಳನ್ನು ಮತ್ತೆ ಮತ್ತೆ ಆಡಿಸಿದರೆ ನಿಯಮ ವಿವರಿಸುವ ಅಗತ್ಯವೇ ಬೀಳದು.

ಎಲ್ಲ ಒಡೆತನವೂ ಇಷ್ಟು ಸ್ಪಷ್ಟವಾಗಿ ಎರಡು ಪಾಲಾಗುವುದಿಲ್ಲ. ‘ನಮಗೆ ಎರಡು ಎಕರೆ ತೋಟ ಇದೆ’ ಎಂಬುದು ಸಹಜ, ‘ನಮ್ಮ ಹತ್ತಿರ’ ಎನ್ನುವವರೂ ಇದ್ದಾರೆ. ಧೈರ್ಯಕ್ಕೆ ‘ನನಗೆ’, ‘ನನ್ನಲ್ಲಿ’ ಎರಡೂ ಸಲ್ಲುತ್ತವೆ. ಆರಂಭದಲ್ಲಿ ಇಂಥ ಉದಾಹರಣೆಗಳನ್ನು ಕೊಡದಿರುವುದೇ ಒಳ್ಳೆಯದು.

ಇಷ್ಟಾದ ಮೇಲೆ ‘ಇದೆ’ಗೆ ಬರಬೇಕು. ಕ್ರಿಯಾಪದ ಹೊಂದಿಕೊಳ್ಳುವುದು ಒಡೆಯರಿಗಲ್ಲ, ಇರುವ ವಸ್ತುವಿಗೆ ಅಥವಾ ವ್ಯಕ್ತಿಗೆ. ಹೇಳುವವರು ಗಂಡಾಗಲಿ ಹೆಣ್ಣಾಗಲಿ ‘ನನಗೆ ಒಬ್ಬ ಮಗ ಇದ್ದಾನೆ’, ‘ನನಗೆ ಒಬ್ಬಳು ಮಗಳು ಇದ್ದಾಳೆ’, ‘ನನಗೆ ಇಬ್ಬರು ಮಕ್ಕಳು ಇದ್ದಾರೆ’ ಎಂದೇ ಹೇಳಬೇಕು. ‘ಅವಳಿಗೆ ಮಗ ಇದ್ದಾಳೆ’ ಎಂದು ಕೇಳಿಬಂದರೆ ಕಲಿಯುವವರು ತಾಯಿಯನ್ನು ನೋಡಿ ಕ್ರಿಯಾಪದ ಆರಿಸಿದ್ದಾರೆ ಎಂದರ್ಥ, ‘ಇದ್ದದ್ದು ಯಾರು?’ ಎಂದು ಒಮ್ಮೆ ಕೇಳಿದರೆ ಅವರೇ ತಿದ್ದಿಕೊಳ್ಳುತ್ತಾರೆ. ಪತ್ರಿಕೆಗಳಲ್ಲಿ ಕಾಣುವ ‘ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’ ಎಂಬ ರಚನೆಯನ್ನು ದಯವಿಟ್ಟು ಕಲಿಸಬೇಡಿ. ಮನೆಮಾತಿನಲ್ಲಿ ಅದನ್ನು ಯಾರೂ ಆಡುವುದಿಲ್ಲ.

ಭೂತಕಾಲದಲ್ಲಿ ‘ಹಣ ಇತ್ತು’ ಎಂಬುದರ ನಿಷೇಧ ‘ಇರಲಿಲ್ಲ’. ‘ಇತ್ತು ಇಲ್ಲ’ ಎಂದು ಜೋಡಿಸುವವರಿಗೆ ಇದನ್ನು ಒಂದೇ ಪದವಾಗಿ ಬಾಯಿಪಾಠ ಮಾಡಿಸುವುದು ಸಾಕು. ‘ಇದು ನನ್ನ ಹಣ ಅಲ್ಲ’ ಎಂಬಲ್ಲಿಯ ‘ಅಲ್ಲ’ವನ್ನು ಮಾತ್ರ ಕೆಲವು ದಿನ ದೂರವಿಡಿ, ಏಕೆಂದರೆ ಅದು ನಿರಾಕರಿಸುವುದು ಇರವನ್ನಲ್ಲ, ‘ಇದು ಅದು’ ಎಂಬ ಗುರುತನ್ನು.

ಹಾಸನದ ಹಳ್ಳಿಗಳ ಕಡೆ ಕೆಲಸಕ್ಕೆ ಹೋದರೆ ಇವರ ಕಿವಿಗೆ ‘ಇದೆ’ಗಿಂತ ‘ಐತೆ’ ಹೆಚ್ಚು ಬೀಳಬಹುದು. ಎರಡೂ ಒಂದೇ ಎಂದು ತಿಳಿಸಿ ಮುಂದುವರಿಯಿರಿ. ‘ಇಲ್ಲ’ ಅಲ್ಲಿಯೂ ‘ಇಲ್ಲ’ವೇ.